17 ನಿಮಿಷ 40 ಸೆಕೆಂಡಿನ ಸ್ಟೂಡೆಂಟ್ ಶಾರ್ಟ್ ಫಿಲ್ಮ್‌ನ ಯಾವ ಫೆಸ್ಟಿವಲ್‌ಗೆ ಕಳಿಸೋದು, ಯಾವ್ದನ್ನ ಬಿಡೋದು

ಹೋದ ವರ್ಷ ಅಕ್ಟೋಬರ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಹುಬ್ಬಳ್ಳಿಯಿಂದ ಪರಿಚಯದ ಹುಡುಗಿಯೊಬ್ಳು ಫೋನ್ ಮಾಡಿದ್ಲು. "ಅಣ್ಣಾ, ಲಿಸ್ಟ್‌ನ್ಯಾಗ 31 ಫೆಸ್ಟಿವಲ್ ಅದಾವ್ರೀ, ಟೋಟಲ್ ನೋಡಿದ್ರ ಎದಿ ಧಸಕ್ ಅಂತು, ಯಾವ್ದು ತಗೀಲಿ ಹೇಳ್ರಿ" ಅಂತ. ಅವಳು ಬಿಇ ಕೊನೇ ವರ್ಷ. ಸ್ನೇಹಿತರ ಜೊತೆ ಸೇರಿ, ಸಿಲಬಸ್‌ಗೂ ಅದಕ್ಕೂ ಸಂಬಂಧ ಇಲ್ದೆ ಒಂದು ಕನ್ನಡ ಶಾರ್ಟ್ ಮಾಡಿದ್ಲು, ಟೈಟಲ್ಸ್ ಎಲ್ಲಾ ಸೇರಿ 17 ನಿಮಿಷ 40 ಸೆಕೆಂಡ್, ಫೆಸ್ಟಿವಲ್‌ಗಂತ ಕೈಲಿದ್ದಿದ್ದು 12 ಸಾವಿರ ರೂಪಾಯಿ. ಫಿಲ್ಮ್‌ಫ್ರೀವೇ ಅಂತ ಫೆಸ್ಟಿವಲ್‌ಗಳಿಗೆ ಆನ್‌ಲೈನ್‌ನಲ್ಲಿ ಫಿಲ್ಮ್ ಕಳಿಸೋ ಸೈಟ್ ಓಪನ್ ಮಾಡಿ ಹೆಸರು ಚೆನ್ನಾಗಿದ್ದಿದ್ದನ್ನೆಲ್ಲಾ ಕಾರ್ಟ್‌ಗೆ ಹಾಕ್ಕೊಂಡು, ಅಲ್ಲಿ ಸಿಗದ ದೊಡ್ಡ ಫೆಸ್ಟಿವಲ್‌ಗಳನ್ನೂ ಲಿಸ್ಟ್‌ಗೆ ಸೇರಿಸ್ಕೊಂಡು ಕೂತಿದ್ಲು. ನಾನೂ ನನ್ನ ಮೊದಲನೇ ಫಿಲ್ಮ್‌ಗೆ ಹಿಂಗೇ ಮಾಡಿ ದುಡ್ಡು ಕಳ್ಕೊಂಡಿದ್ದೆ, ಅದಕ್ಕೇ ಆ ರಾತ್ರಿ ಕೂತು 31ನ್ನ 7ಕ್ಕೆ ಇಳಿಸಿದ್ವಿ. ಹೆಂಗೆ ಇಳಿಸಿದ್ವಿ ಅನ್ನೋದನ್ನೇ ಇಲ್ಲಿ ಬರೀತಿದೀನಿ, ನಿಮ್ ಫಿಲ್ಮ್‌ನ ನಂಬರ್ ಹಾಕ್ಕೊಂಡು ಓದ್ಕೊಳಿ.

ಎಲ್ಲರೂ ಮೊದ್ಲು ಫೀ ನೋಡ್ತಾರೆ. ಅದು ಉಲ್ಟಾ. ಮೊದ್ಲು ಕ್ಯಾಟಗರಿ, ಆಮೇಲೆ ಪ್ರೀಮಿಯರ್, ಕೊನೆಗೆ ಫೀ. ಯಾಕಂದ್ರೆ ನಿಮ್ಮ ಫಿಲ್ಮ್ ಎಂಟ್ರಿನೇ ಆಗದಿರೋ ಕಡೆ ಫೀ 5 ಡಾಲರ್ ಇದ್ರೇನು 50 ಇದ್ರೇನು, ಎರಡೂ ದಂಡ.

ಹೆಜ್ಜೆ 1: ನಿಮ್ಮ ಫಿಲ್ಮ್‌ದು ಒಂದು ಜಾತಕ ಬರ್ಕೊಳಿ

ಒಂದು ಹಾಳೇಲಿ ಐದು ವಿಷಯ ಬರೀರಿ. ಒಟ್ಟು ಉದ್ದ ಎಷ್ಟು (ಕೊನೇ ಟೈಟಲ್ ಸೇರಿಸಿ, ಬಹುತೇಕ ಕಡೆ ಹಂಗೇ ಲೆಕ್ಕ), ಫಿಕ್ಷನ್ನೋ ಡಾಕ್ಯುಮೆಂಟರಿನೋ ಅನಿಮೇಷನ್ನೋ, ಫಿಲ್ಮ್ ಪೂರ್ತಿ ಮುಗಿದ ತಿಂಗಳು ಯಾವ್ದು, ಮಾಡುವಾಗ ಎಲ್ಲಿ ಓದ್ತಿದ್ರಿ, ಇಲ್ಲೀವರೆಗೆ ಎಲ್ಲೆಲ್ಲಿ ತೋರ್ಸಿದೀರಿ. ಈ ಐದನೇದು ಬರೆಯೋವಾಗ ಸುಳ್ಳು ಬರೀಬೇಡಿ, ಅದರ ಕತೆ ಆಮೇಲೆ ಬರತ್ತೆ.

ಉದ್ದದ ವಿಷ್ಯಕ್ಕೆ ಬಂದ್ರೆ, ಶಾರ್ಟ್ ಅಂದ್ರೆ ಎಷ್ಟು ಅನ್ನೋದು ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಕಾನ್ ಫೆಸ್ಟಿವಲ್‌ನ ಶಾರ್ಟ್ ಫಿಲ್ಮ್ ಕಾಂಪಿಟಿಷನ್‌ಗೆ 15 ನಿಮಿಷ ಗರಿಷ್ಠ, ವೆನಿಸ್‌ನ ಒರಿಜೊಂಟಿ ಶಾರ್ಟ್ಸ್‌ಗೆ 20, ಬರ್ಲಿನ್ ಫೆಸ್ಟಿವಲ್ ಅಂದ್ರೆ ಬರ್ಲಿನಾಲೆಯ ಶಾರ್ಟ್ಸ್‌ಗೆ 30, ಆಸ್ಕರ್ ಲೆಕ್ಕದಲ್ಲಿ 40. ನಮ್ಮ ಹುಡುಗಿದು 17:40 ಆಗಿದ್ರಿಂದ ಕಾನ್ ಕಾಂಪಿಟಿಷನ್ ಅಲ್ಲೇ ಹೋಯ್ತು. "ಎರಡೂಮುಕ್ಕಾಲು ನಿಮಿಷ ಕಟ್ ಮಾಡ್ಲೇನ್ರಿ?" ಅಂದ್ಲು. ಒಂದು ಫೆಸ್ಟಿವಲ್‌ಗೋಸ್ಕರ ಫಿಲ್ಮ್ ಕತ್ತರಿಸಬೇಡ ಅಂದೆ, ಆದ್ರೆ ಕೊನೇ ಟೈಟಲ್ಸೇ 1 ನಿಮಿಷ 50 ಸೆಕೆಂಡ್ ಓಡ್ತಿತ್ತು, ಊರಲ್ಲಿ ನೀರು ಕೊಟ್ಟೋರ ಹೆಸರೂ ಇತ್ತು, ಅದನ್ನ 45 ಸೆಕೆಂಡಿಗೆ ಇಳಿಸು ಅಂತ ಹೇಳ್ದೆ. ಪ್ರೋಗ್ರಾಂ ಮಾಡೋರು ಐದಾರು ಶಾರ್ಟ್‌ನ ಒಂದೂವರೆ ಗಂಟೆ ಸ್ಲಾಟ್‌ನಲ್ಲಿ ಕೂರಿಸಬೇಕು, ಅವ್ರಿಗೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರತ್ತೆ.

ಮುಗಿದ ದಿನಾಂಕದ್ದೂ ಹಂಗೇ. ತುಂಬಾ ಫೆಸ್ಟಿವಲ್‌ಗಳು ಕಳೆದ ಒಂದು ವರ್ಷ ಇಲ್ಲಾ ಎರಡು ವರ್ಷದೊಳಗೆ ಮುಗಿದ ಫಿಲ್ಮ್ ಮಾತ್ರ ತಗೋತಾರೆ. ಫಿಲ್ಮ್‌ಫ್ರೀವೇ ಫಾರ್ಮ್‌ನಲ್ಲಿ `Completion Date` ಅಂತ ಇರತ್ತಲ್ಲ, ಅಲ್ಲಿ ಜನ ಶೂಟಿಂಗ್ ಮುಗಿದ ದಿನ ಹಾಕಿಬಿಡ್ತಾರೆ. ತಪ್ಪು. ಸೌಂಡ್ ಮಿಕ್ಸ್, ಕಲರ್, ಸಬ್‌ಟೈಟಲ್ ಎಲ್ಲಾ ಆಗಿ ಫೈನಲ್ ಕಾಪಿ ಬಂದ ದಿನ ಹಾಕ್ಬೇಕು. ಶೂಟ್ ಆಗಿ ಏಳೆಂಟು ತಿಂಗಳು ಎಡಿಟ್‌ನಲ್ಲೇ ಕೊಳೆತ ಫಿಲ್ಮ್‌ಗೆ ಈ ಒಂದು ತಪ್ಪಿಂದ ಅರ್ಧ ಆಯಸ್ಸು ಹೋಗತ್ತೆ.

ಹೆಜ್ಜೆ 2: ಸ್ಟೂಡೆಂಟ್ ಕ್ಯಾಟಗರಿನಾ, ಜನರಲ್ಲಾ?

ಸ್ಟೂಡೆಂಟ್ ಅನ್ನೋ ಪದಕ್ಕೆ ಎರಡು ಅರ್ಥ ಇದೆ, ಇದು ಗೊತ್ತಿಲ್ದೆ ಫೀ ಕಟ್ಟೋರೇ ಜಾಸ್ತಿ. ಒಂದನೇ ಅರ್ಥ, ಫಿಲ್ಮ್ ಸ್ಕೂಲ್‌ನಲ್ಲಿ ಕೋರ್ಸಿನ ಭಾಗವಾಗಿ ಮಾಡಿದ ಫಿಲ್ಮ್. ಕಾನ್‌ನ ಲಾ ಸಿನೆಫ್ ಈ ಥರದ್ದು, ಮೊದಲು ಸಿನೆಫೊಂದಾಸಿಯೋಂ ಅಂತಿತ್ತು, 1998ರಲ್ಲಿ ಶುರುವಾಗಿದ್ದು. ಅಲ್ಲಿ ಉದ್ದದ ಮಿತಿ 60 ನಿಮಿಷದವರೆಗೆ ಇದೆ. ಮೈಸೂರಿನ ಚಿದಾನಂದ ನಾಯಕ್ ಅವ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' 2024ರಲ್ಲಿ ಲಾ ಸಿನೆಫ್‌ನ ಮೊದಲ ಬಹುಮಾನ ತಗೊಂತಲ್ಲ, ಪುಣೆ ಎಫ್‌ಟಿಐಐನಲ್ಲಿ ಕೋರ್ಸಿನ ಫಿಲ್ಮ್ ಆಗಿ ಮಾಡಿದ್ದು, ಕನ್ನಡದ್ದೇ, 16 ನಿಮಿಷ. ಗಮನಿಸಿ, 16 ನಿಮಿಷ ಅಂದ್ರೆ ಅದೇ ಕಾನ್‌ನ ಶಾರ್ಟ್ ಕಾಂಪಿಟಿಷನ್‌ನ 15ರ ಗೆರೆ ದಾಟತ್ತೆ, ಆದ್ರೆ ಸ್ಟೂಡೆಂಟ್ ಬಾಗಿಲಲ್ಲಿ ಆರಾಮಾಗಿ ಹೋಗತ್ತೆ. ಒಂದೇ ಫೆಸ್ಟಿವಲ್, ಎರಡು ಬಾಗಿಲು. ಮ್ಯೂನಿಕ್‌ನ ಫಿಲ್ಮ್‌ಸ್ಕೂಲ್‌ಫೆಸ್ಟ್, ಫ್ರಾನ್ಸಿನ ಪ್ವಾತಿಯೇ ಫೆಸ್ಟಿವಲ್ ಇವೂ ಫಿಲ್ಮ್ ಸ್ಕೂಲ್ ಮಕ್ಕಳ ಫಿಲ್ಮ್‌ಗಳ ಮೇಲೇ ನಿಂತಿರೋವು.

ಎರಡನೇ ಅರ್ಥ ಸಡಿಲ. ಮಾಡುವಾಗ ಯಾವುದಾದ್ರೂ ಕಾಲೇಜಲ್ಲಿ ಓದ್ತಿದ್ರೆ ಸಾಕು, ಐಡಿ ಕಾರ್ಡ್ ತೋರ್ಸಿದ್ರೆ ಸಾಕು, ಬಿಇ ಆದ್ರೇನು ಬಿಕಾಂ ಆದ್ರೇನು. ಫಿಲ್ಮ್‌ಫ್ರೀವೇಲಿ ಪ್ರಾಜೆಕ್ಟ್ ಹಾಕುವಾಗ `Student Project` ಅಂತ ಒಂದು ಪ್ರಶ್ನೆ ಇರತ್ತೆ, ಅಲ್ಲಿ ಹೌದು ಅಂತ ಹಾಕಿದ್ರೆ ಸ್ಟೂಡೆಂಟ್ ಕ್ಯಾಟಗರಿ, ಸ್ಟೂಡೆಂಟ್ ಫೀ ಸಿಗೋ ಕಡೆ ದಾರಿ ಆಗತ್ತೆ. ನಮ್ಮ ಹುಡುಗಿ ಈ ಎರಡನೇ ಗುಂಪು. ಹಾಗಾಗಿ ಲಾ ಸಿನೆಫ್ ಥರದ್ದನ್ನೆಲ್ಲಾ ಹೊಡೆದು ಹಾಕಿದ್ವಿ. ಲಿಸ್ಟ್‌ನಲ್ಲಿದ್ದ 31ರಲ್ಲಿ 9 ಹೋಯ್ತು, ಇನ್ನೂ ಫೀ ಕಡೆ ಕಣ್ಣೇ ಹಾಕಿಲ್ಲ.

ಫಿಲ್ಮ್ ಸ್ಕೂಲ್‌ನಲ್ಲಿ ಓದ್ತಿರೋರಿಗೆ ಬೇರೆ ತಲೆನೋವು. ಕೋರ್ಸ್ ಫಿಲ್ಮ್‌ನ ಹಕ್ಕು ಸಾಮಾನ್ಯವಾಗಿ ಸಂಸ್ಥೆದೇ ಆಗಿರತ್ತೆ, ಪ್ರೊಡ್ಯೂಸರ್ ಅವ್ರೇ. ನೀವು ಕೇಳದೆ ಕಳಿಸಿದ್ರೆ, ಅವ್ರೂ ಬೇರೆ ಕಡೆ ಕಳಿಸಿದ್ರೆ, ಪ್ರೀಮಿಯರ್ ಲೆಕ್ಕ ಎಲ್ಲಾ ಕಲಸುಮೇಲೋಗರ. ಮೊದ್ಲು ಆಫೀಸ್‌ಗೆ ಹೋಗಿ ಯಾರು ಕಳಿಸ್ತಾರೆ, ಎನ್‌ಒಸಿ ಬೇಕಾ, ಫೀ ಯಾರು ಕಟ್ತಾರೆ ಅಂತ ಮೇಲ್‌ನಲ್ಲಿ ಕೇಳ್ಕೊಳಿ.

ಸ್ಟೂಡೆಂಟ್ ಕ್ಯಾಟಗರಿ ಇದೆ ಅಂತ ಯಾವಾಗ್ಲೂ ಅದಕ್ಕೇ ಹೋಗ್ಬೇಕು ಅಂತಿಲ್ಲ. ಫೀ ಕಮ್ಮಿ, ಸ್ಪರ್ಧೆ ಸ್ವಲ್ಪ ಸಮ, ಅದು ಲಾಭ. ಆದ್ರೆ ಕೆಲವು ಕಡೆ ಸ್ಟೂಡೆಂಟ್ ಫಿಲ್ಮ್‌ನ ಬೆಳಿಗ್ಗೆ ಹತ್ತಕ್ಕೆ ಸಣ್ಣ ಹಾಲ್‌ನಲ್ಲಿ ಹಾಕಿ ಮುಗಿಸ್ತಾರೆ, ಮೇನ್ ಅವಾರ್ಡ್‌ಗೆ ಅದು ಲೆಕ್ಕಕ್ಕೇ ಇರಲ್ಲ. ಹೋದ ವರ್ಷದ ಶೆಡ್ಯೂಲ್ ಪಿಡಿಎಫ್ ತೆಗೆದು ಸ್ಟೂಡೆಂಟ್ ಬ್ಲಾಕ್ ಎಷ್ಟೊತ್ತಿಗೆ, ಎಲ್ಲಿತ್ತು ನೋಡಿದ್ರೆ ಗೊತ್ತಾಗತ್ತೆ. ಎರಡೂ ಕ್ಯಾಟಗರಿ ಟಿಕ್ ಮಾಡಿ ಡಬಲ್ ಫೀ ಮಾತ್ರ ಕಟ್ಟಬೇಡಿ. ನನ್ನ ಫಿಲ್ಮ್‌ಗೆ ಒಂದೇ ಫೆಸ್ಟಿವಲ್‌ನಲ್ಲಿ ನಾಲ್ಕು ಕ್ಯಾಟಗರಿ ಟಿಕ್ ಮಾಡಿದ್ದೆ, ನಾಲ್ಕಕ್ಕೂ ಬೇರೆಬೇರೆ ಫೀ, ನಾಲ್ಕಕ್ಕೂ ಒಂದೇ ದಿನ ಒಂದೇ ಥರದ 'ಇಲ್ಲ' ಮೇಲ್.

ಹೆಜ್ಜೆ 3: ಪ್ರೀಮಿಯರ್, ಇಲ್ಲೇ ಎಲ್ಲರೂ ಎಡವೋದು

ವರ್ಲ್ಡ್ ಪ್ರೀಮಿಯರ್ ಅಂದ್ರೆ ಪ್ರಪಂಚದಲ್ಲೇ ಮೊದಲ ಸಾರ್ವಜನಿಕ ಪ್ರದರ್ಶನ. ಇಂಟರ್‌ನ್ಯಾಷನಲ್ ಪ್ರೀಮಿಯರ್ ಅಂದ್ರೆ ಫಿಲ್ಮ್ ಹುಟ್ಟಿದ ದೇಶದ ಹೊರಗೆ ಮೊದಲನೇದು. ಆಮೇಲೆ ಏಷ್ಯಾ, ಯುರೋಪ್ ಅಂತ ಖಂಡದ್ದು, ದೇಶದ್ದು, ಕೆಲವು ಕಡೆ ಊರಿಂದೂ ಇರತ್ತೆ. ಇವೆಲ್ಲಾ ಒಂದೊಂದು ಸಲ ಮಾತ್ರ ಖರ್ಚು ಮಾಡೋಕಾಗೋ ನೋಟು.

ಇದರಲ್ಲಿ ನಮ್ಮೋರಿಗೆ ಒಂದು ಅನುಕೂಲ ಇದೆ, ತುಂಬಾ ಜನ ಗಮನಿಸಲ್ಲ. ಭಾರತದ ಫಿಲ್ಮ್‌ನ ಭಾರತದಲ್ಲೇ ಮೊದ್ಲು ತೋರ್ಸಿದ್ರೆ ವರ್ಲ್ಡ್ ಪ್ರೀಮಿಯರ್ ಖರ್ಚಾಗತ್ತೆ, ಆದ್ರೆ ಇಂಟರ್‌ನ್ಯಾಷನಲ್ ಪ್ರೀಮಿಯರ್ ಹಂಗೇ ಉಳಿಯತ್ತೆ. ಬರ್ಲಿನಾಲೆ ಶಾರ್ಟ್ಸ್ ಥರದ ಕಡೆ ಅದು ನಡೆಯತ್ತೆ, ವೆನಿಸ್‌ನಲ್ಲಿ ನಡೆಯಲ್ಲ, ಅವ್ರಿಗೆ ವರ್ಲ್ಡೇ ಬೇಕು. ಆದ್ರೆ ಎಲ್ಲೋ ವಿದೇಶದ ಸಣ್ಣ ಆನ್‌ಲೈನ್ ಫೆಸ್ಟಿವಲ್‌ನಲ್ಲಿ ಮೊದ್ಲು ಹಾಕಿಸ್ಕೊಂಡ್ರೆ ಎರಡೂ ಒಟ್ಟಿಗೆ ಹೋಯ್ತು, ಹತ್ತು ಜನ ನೋಡಿರಲ್ಲ ಅದು ಬೇರೆ ಮಾತು.

ಇನ್ನೊಂದು, ದಯವಿಟ್ಟು ನಿಧಾನಕ್ಕೆ ಓದಿ: ಸಬ್‌ಮಿಟ್ ಮಾಡಿದ್ರೆ ಪ್ರೀಮಿಯರ್ ಹೋಗಲ್ಲ. ಸೆಲೆಕ್ಟ್ ಆದ್ರೂ ಹೋಗಲ್ಲ. ಜನರ ಮುಂದೆ ತೆರೆ ಮೇಲೆ ಬಂದಾಗಲೇ ಹೋಗೋದು. ಹಾಗಾಗಿ ಒಂದೇ ಟೈಮಲ್ಲಿ ಐದು ಕಡೆ ಕಳಿಸಬಹುದು, ಆದ್ರೆ ಲೆಕ್ಕ ಹಾಕೋವಾಗ ಡೆಡ್‌ಲೈನ್ ದಿನ ನೋಡಬೇಡಿ, ಪ್ರದರ್ಶನದ ದಿನ ನೋಡಿ. ನಾವು ಒಂದು ಶೀಟ್ ಮಾಡಿದ್ವಿ, ನಾಲ್ಕೇ ಕಾಲಂ: ಹೆಸರು, ರಿಸಲ್ಟ್ ಹೇಳೋ ದಿನ, ಫೆಸ್ಟಿವಲ್ ನಡೆಯೋ ದಿನ, ಯಾವ ಪ್ರೀಮಿಯರ್ ಕೇಳ್ತಾರೆ. ನಡೆಯೋ ದಿನದ ಪ್ರಕಾರ ಸಾರ್ಟ್ ಮಾಡಿದ ತಕ್ಷಣ ಎಲ್ಲಿ ಡಿಕ್ಕಿ ಹೊಡೆಯತ್ತೆ ಅಂತ ಕಣ್ಣಿಗೆ ಕಾಣತ್ತೆ.

ಕಂಡ ಡಿಕ್ಕಿ ಹೇಳ್ತೀನಿ. ಬೆಂಗಳೂರು ಇಂಟರ್‌ನ್ಯಾಷನಲ್ ಶಾರ್ಟ್ ಫಿಲ್ಮ್ ಫೆಸ್ಟಿವಲ್, ಬಿಸ್ಫ್ ಅಂತೀವಲ್ಲ, ಅದು ಈಚೆಗೆ ಆಗಸ್ಟ್‌ನಲ್ಲಿ ನಡೀತಿದೆ. ವೆನಿಸ್ ಆಗಸ್ಟ್ ಕೊನೇ ವಾರದಿಂದ ಸೆಪ್ಟೆಂಬರ್. ಅಂದ್ರೆ ಬೆಂಗಳೂರಲ್ಲಿ ತೋರಿಸಿದ್ರೆ ಎರಡು ವಾರದ ಅಂತರದಲ್ಲಿ ವೆನಿಸ್ ಬಾಗಿಲು ಮುಚ್ಚತ್ತೆ. ಆದ್ರೆ ವೆನಿಸ್ ಪಟ್ಟಿ ಜುಲೈ ಕೊನೆಗೆ ಹೊರಗೆ ಬರತ್ತೆ, ಹಾಗಾಗಿ ಎರಡಕ್ಕೂ ಕಳಿಸಿ ಜುಲೈವರೆಗೆ ಕಾಯಬಹುದು. ಇನ್ನೊಂದು ಡಿಕ್ಕಿ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಮತ್ತೆ ಬರ್ಲಿನ್ ಮಧ್ಯೆ. ಕ್ಲೆರ್ಮಾಂ ಶಾರ್ಟ್ ಫಿಲ್ಮ್‌ನೋರ ದೊಡ್ಡ ಜಾತ್ರೆ, 1979ರಿಂದ ಇದೆ, ಅವ್ರು ಪ್ರೀಮಿಯರ್ ಕೇಳೋದೇ ಇಲ್ಲ, ನಡೆಯೋದು ಜನವರಿ ಕೊನೆ ಫೆಬ್ರವರಿ ಶುರು. ಬರ್ಲಿನ್ ಫೆಬ್ರವರಿ ಮಧ್ಯ. ಕ್ಲೆರ್ಮಾಂ ಕೇಳದಿದ್ರೂ ಅಲ್ಲಿ ತೋರ್ಸಿದ್ರೆ ನಿಮ್ಮ ಇಂಟರ್‌ನ್ಯಾಷನಲ್ ಪ್ರೀಮಿಯರ್ ಅಲ್ಲೇ ಖರ್ಚು. ಪ್ರೀಮಿಯರ್ ಕೇಳದಿರೋ ಫೆಸ್ಟಿವಲ್ ಪ್ರೀಮಿಯರ್‌ನ ತಿನ್ನಲ್ಲ ಅಂತ ತಿಳ್ಕೊಂಡಿರೋರು ತುಂಬಾ ಜನ ಇದಾರೆ. ಎರಡೂ ಕಡೆ ಆಯ್ಕೆ ಆದ್ರೆ (ಅಂಥ ಕಷ್ಟ ಎಲ್ಲರಿಗೂ ಬರಲಿ) ಒಂದಕ್ಕೆ ಬೇಗ ಮೇಲ್ ಹಾಕಿ ಹಿಂದೆ ತಗೋಬೇಕು, ಪ್ರೋಗ್ರಾಂ ಪ್ರಿಂಟ್ ಆಗೋಕ್ ಮುಂಚೆ. ಆಮೇಲೆ ಎಳೆದ್ರೆ ಅವ್ರು ನಿಮ್ಮ ಹೆಸರು ಮರೆಯಲ್ಲ.

ಹಂಗಂತ ಪ್ರೀಮಿಯರ್‌ನ ಪೆಟ್ಟಿಗೇಲಿಟ್ಟು ಪೂಜೆ ಮಾಡ್ಬೇಕಾ? ನನ್ನ ಪ್ರಕಾರ ಇಲ್ಲ. ಶಾರ್ಟ್‌ಗಳಿಗೆ ಪ್ರೀಮಿಯರ್ ಕೇಳೋ ಜಾಗ ಕಮ್ಮಿ, ಅಮೆರಿಕದ ಸನ್‌ಡಾನ್ಸ್ ಕೂಡ ಶಾರ್ಟ್‌ಗೆ ಕೇಳಲ್ಲ, ಅಲ್ಲಿ ಉದ್ದ 50 ನಿಮಿಷದೊಳಗೆ ಇದ್ರೆ ಆಯ್ತು. ನಿಮ್ಮ ಲಿಸ್ಟ್‌ನಲ್ಲಿ ಪ್ರೀಮಿಯರ್ ಕೇಳೋ ಒಂದು ಇಲ್ಲಾ ಎರಡು ಇಟ್ಕೊಳಿ, ಅವು ರಿಸಲ್ಟ್ ಹೇಳೋ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಕೆಂಪು ಗೆರೆ ಹಾಕಿ, ಅಲ್ಲೀವರೆಗೆ ಮಾತ್ರ ಕಾಯಿರಿ. ಆ ದಿನ ದಾಟಿದ್ಮೇಲೆ ಊರಿನ ಫಿಲ್ಮ್ ಸೊಸೈಟಿಯಿಂದ ಹಿಡಿದು ಯಾರು ಕರೆದ್ರೂ ಹೋಗಿ. ನಮ್ಮ ಹುಡುಗಿಗೆ ವೆನಿಸ್‌ಗೋಸ್ಕರ ಜುಲೈವರೆಗೆ ಕಾಯೋದು ಅಂದ್ರೆ ಒಂಬತ್ತು ತಿಂಗಳು, ಅಷ್ಟರಲ್ಲಿ ಡಿಗ್ರಿನೇ ಮುಗಿಯತ್ತೆ. ವೆನಿಸ್ ಬಿಟ್ವಿ. ನವೆಂಬರ್‌ನಲ್ಲಿ ಬರ್ಲಿನಾಲೆ ಒಂದಕ್ಕೆ ಹಾಕಿ ಜನವರಿ ಕೊನೆಗೆ ಕೆಂಪು ಗೆರೆ ಎಳೆದ್ವಿ.

ಈಗ ಜಾತಕದ ಆ ಐದನೇ ವಿಷಯದ ಕತೆ. ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಟೀಮ್‌ಗೆ, ಲೆಕ್ಚರರ್‌ಗಳಿಗೆ ತೋರ್ಸಿದ್ದು ಸಾಮಾನ್ಯವಾಗಿ ಖಾಸಗಿ ಪ್ರದರ್ಶನ, ತೊಂದ್ರೆ ಇಲ್ಲ. ಪೋಸ್ಟರ್ ಹಾಕಿ ಊರಿಗೆಲ್ಲಾ ಬನ್ನಿ ಅಂತ ಕರೆದಿದ್ರೆ ಅದು ಸಾರ್ವಜನಿಕ. ಯೂಟ್ಯೂಬ್‌ನಲ್ಲಿ ಪಬ್ಲಿಕ್ ಆಗಿ ಒಂದು ದಿನ ಇಟ್ಟು ತೆಗೆದ್ರೂ ಅದು ಆನ್‌ಲೈನ್ ಬಿಡುಗಡೆನೇ. ಇವಳು ಟ್ರೇಲರ್ ಜೊತೆ ಫುಲ್ ಫಿಲ್ಮ್‌ನ ಅನ್‌ಲಿಸ್ಟೆಡ್ ಇಟ್ಟು ಲಿಂಕ್‌ನ ಮೂರು ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ಲು. ಅನ್‌ಲಿಸ್ಟೆಡ್ ಅಂದ್ರೆ ಬೀಗ ಅಲ್ಲ, ಬರೀ ಪರದೆ. ಆವತ್ತೇ ತೆಗೆಸಿ ಪಾಸ್‌ವರ್ಡ್ ಇರೋ ವಿಮಿಯೋ ಲಿಂಕ್ ಮಾಡಿಸ್ದೆ.

ಹೆಜ್ಜೆ 4: ಈಗ ಫೀ

ಒಂದೇ ಫೆಸ್ಟಿವಲ್‌ಗೆ ಅರ್ಲಿಬರ್ಡ್, ರೆಗ್ಯುಲರ್, ಲೇಟ್, ಎಕ್ಸ್‌ಟೆಂಡೆಡ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಫೀ ಏರತ್ತೆ. ಲೆಕ್ಕ ನೋಡಿ: ಸ್ಟೂಡೆಂಟ್ ಅರ್ಲಿ 25 ಡಾಲರ್ ಅಂದ್ಕೊಳ್ಳಿ, ಡಾಲರ್‌ಗೆ 85 ರೂಪಾಯಿ ಹಿಡಿದ್ರೆ 2,125. ಕಾರ್ಡ್‌ನೋರು ಫಾರೆಕ್ಸ್ ಮಾರ್ಕಪ್ ಅಂತ 3.5 ಪರ್ಸೆಂಟ್ ಹಿಡಿದ್ರೆ 74 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 13, ಒಟ್ಟು 2,212. ಅದೇ ಲೇಟ್‌ನಲ್ಲಿ 45 ಡಾಲರ್ ಆದ್ರೆ 3,983. ನಾಲ್ಕು ವಾರ ಸೋಮಾರಿತನಕ್ಕೆ 1,771 ರೂಪಾಯಿ. ನಾನು ಮೊದಲನೇ ಸಲ ಎಲ್ಲಾ ಕಡೆ ಲೇಟ್‌ನಲ್ಲೇ ಕಟ್ಟಿದ್ದೆ. ಲೇಟಾಗಿ ಬಂದ ಫಿಲ್ಮ್‌ಗೆ ಇನ್ನೊಂದು ಕಷ್ಟ, ಅಷ್ಟೊತ್ತಿಗೆ ಸ್ಲಾಟ್‌ಗಳೂ ಬಹುಪಾಲು ತುಂಬಿರ್ತವೆ. ಅರ್ಲಿ ತಪ್ಪಿದ್ರೆ ಮುಂದಿನ ವರ್ಷದ ಅರ್ಲಿಗೆ ಹಾಕೋಕೆ ಫಿಲ್ಮ್‌ಗೆ ಆಯಸ್ಸು ಇದ್ಯಾ ನೋಡಿ, ಇದ್ರೆ ಕಾಯಿರಿ.

ಫೀ ಮಾಫಿ ಕೇಳೋಕೆ ನಾಚಿಕೆ ಬೇಡ. ಆದ್ರೆ ಫೀ ಕಟ್ಟೋಕ್ ಮುಂಚೆ ಕೇಳ್ಬೇಕು, ಕಟ್ಟಿದ್ಮೇಲೆ ವಾಪಸ್ ಬರೋದು ಕನಸು. ಮೇಲ್ ಐದಾರು ಸಾಲು ಇರಲಿ: ಯಾರು, ಯಾವ ಕಾಲೇಜು, ಫಿಲ್ಮ್ ಎಷ್ಟು ನಿಮಿಷ, ಅವ್ರ ಫೆಸ್ಟಿವಲ್‌ನ ಯಾವ ವಿಭಾಗಕ್ಕೆ ಯಾಕೆ ಕಳಿಸ್ತಿದೀರಿ, ಪಾಸ್‌ವರ್ಡ್ ಸಮೇತ ಲಿಂಕ್, ವೇವರ್ ಕೋಡ್ ಇಲ್ಲಾ ರಿಯಾಯ್ತಿ ಸಿಗತ್ತಾ ಅಂತ ಒಂದು ಪ್ರಶ್ನೆ. ಡೆಡ್‌ಲೈನ್ ಹಿಂದಿನ ದಿನ ಕೇಳಿದ್ರೆ ಯಾರೂ ಓದಲ್ಲ. ಇವಳು ಆರು ಕಡೆ ಬರೆದ್ಲು, ಎರಡು ಕಡೆಯಿಂದ ಕೋಡ್ ಬಂತು, ಒಬ್ಬರು ಅರ್ಧ ಮಾಡಿದ್ರು, ಉಳಿದ ಮೂರು ಕಡೆ ಮೌನ.

ಕಾರ್ಟ್‌ನಲ್ಲಿ ಇನ್ನೊಂದು ಥರದ್ದು ಎಂಟೊಂಬತ್ತು ಇದ್ವು, ತಿಂಗಳು ತಿಂಗಳೂ ನಡೆಯೋ 'ಇಂಟರ್‌ನ್ಯಾಷನಲ್ ಅವಾರ್ಡ್ಸ್'. ಪತ್ತೆ ಹಚ್ಚೋದು ಸುಲಭ. ಹೋದ ಸಲ ಯಾವ ಥಿಯೇಟರ್‌ನಲ್ಲಿ ಎಷ್ಟು ಗಂಟೆಗೆ ಯಾವ ಫಿಲ್ಮ್ ಹಾಕಿದ್ರು ಅಂತ ಶೆಡ್ಯೂಲ್ ಹುಡುಕಿ. ಸಿಗಲ್ಲ, ಬರೀ ಲಾರೆಲ್ ಎಲೆ ಹಾಕಿದ ಪೋಸ್ಟರ್‌ಗಳೇ ಸಿಗ್ತವೆ. ಕ್ಯಾಟಗರಿ ಎಣಿಸಿ, ನೂರರ ಮೇಲೆ ಇದ್ರೆ ಕಳಿಸಿದೋರಿಗೆಲ್ಲಾ ಒಂದೊಂದು ಪ್ರಶಸ್ತಿ ಹಂಚೋ ವ್ಯವಸ್ಥೆ ಅದು. ಗೆದ್ದ ಮೇಲೆ ಟ್ರೋಫಿಗೆ ಬೇರೆ ದುಡ್ಡು, ಸರ್ಟಿಫಿಕೇಟ್‌ಗೆ ಬೇರೆ ದುಡ್ಡು. `Rules & Terms` ಓದಿದ್ರೆ ಪ್ರದರ್ಶನ ಖಾತ್ರಿ ಇಲ್ಲ ಅಂತ ಅವ್ರೇ ಬರೆದಿರ್ತಾರೆ, ಪಾಪ ಅಷ್ಟು ಪ್ರಾಮಾಣಿಕರು. ಹೋದ ವರ್ಷ ಅಲ್ಲಿ ಸೆಲೆಕ್ಟ್ ಆದ ಒಬ್ಬರಿಗೆ ಇನ್‌ಸ್ಟಾದಲ್ಲಿ "ನಿಮ್ ಫಿಲ್ಮ್ ತೆರೆ ಮೇಲೆ ಬಂತಾ?" ಅಂತ ಕೇಳಿದ್ರೆ ಐದು ನಿಮಿಷದಲ್ಲಿ ಉತ್ತರ ಸಿಗತ್ತೆ.

ಕೊನೆಗೆ ಉಳಿದಿದ್ದು

7 ಉಳೀತು: ಬರ್ಲಿನಾಲೆ, ಕ್ಲೆರ್ಮಾಂ, ಬಿಸ್ಫ್, ತಿರುವನಂತಪುರದಲ್ಲಿ ನಡೆಯೋ ಕೇರಳದ ಡಾಕ್ಯುಮೆಂಟರಿ-ಶಾರ್ಟ್ ಫೆಸ್ಟಿವಲ್ ಐಡಿಎಸ್ಎಫ್ಎಫ್‌ಕೆ, ಮತ್ತೆ ಸ್ಟೂಡೆಂಟ್ ವಿಭಾಗ ನಿಜಕ್ಕೂ ಚೆನ್ನಾಗಿ ನಡೆಸೋ ಮೂರು ಸಣ್ಣವು, ಅದರಲ್ಲಿ ಎರಡು ಆ ವೇವರ್ ಕೋಡ್ ಕೊಟ್ಟೋರು. ದುಡ್ಡು ಹಂಚಿದ್ದು ಹಿಂಗೆ: ವಿದೇಶದ ಎರಡಕ್ಕೆ 5 ಸಾವಿರ ಮೀರಬಾರದು, ನಮ್ಮ ದೇಶದ್ದಕ್ಕೆ ಮತ್ತೆ ಸಣ್ಣವಕ್ಕೆ 4 ಸಾವಿರ, ಉಳಿದ 3 ಸಾವಿರ ಮುಟ್ಟೋ ಹಂಗಿಲ್ಲ. ಸೆಲೆಕ್ಟ್ ಆದ್ರೆ ಹಾರ್ಡ್‌ಡಿಸ್ಕ್, ಕೊರಿಯರ್, ಬೆಂಗಳೂರಿಗೆ ಬಸ್ ಚಾರ್ಜು ಎಲ್ಲಿಂದ ಬರ್ಬೇಕು? ಥಿಯೇಟರ್‌ನಲ್ಲಿ ಓಡಿಸೋ ಡಿಜಿಟಲ್ ಕಾಪಿ, ಅಂದ್ರೆ ಡಿಸಿಪಿ ಕೇಳಿದ್ರೆ ಸ್ಟುಡಿಯೋಗೆ ಸಾವಿರಾರು ಕೊಡಬೇಕಿಲ್ಲ, ಡಿಸಿಪಿ-ಓ-ಮ್ಯಾಟಿಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಸ್ವಲ್ಪ ಗುದ್ದಾಡಿದ್ರೆ ಮನೇಲೇ ಆಗತ್ತೆ, ಆದ್ರೆ ಕಳಿಸೋಕ್ ಮುಂಚೆ ಒಂದು ಥಿಯೇಟರ್‌ನಲ್ಲಿ ಹಾಕಿ ಸಬ್‌ಟೈಟಲ್, ಸೌಂಡ್ ಚೆಕ್ ಮಾಡ್ಲೇಬೇಕು.

ಜನವರಿಯಲ್ಲಿ ಬರ್ಲಿನ್ನಿಂದ ಇಲ್ಲ ಅಂತ ಮೇಲ್ ಬಂತು, ಕ್ಲೆರ್ಮಾಂದೂ ಅದಕ್ಕೆ ಮುಂಚೆನೇ ಇಲ್ಲ ಅಂದಿತ್ತು. ಕೆಂಪು ಗೆರೆ ದಾಟಿತಲ್ಲ, ಮಾರನೇ ವಾರವೇ ಧಾರವಾಡದಲ್ಲಿ ಗೆಳೆಯರ ಬಳಗದೋರು ಕರೆದ ಕಡೆ ತೋರ್ಸಿದ್ಲು, ಎಂಬತ್ತು ಜನ ಬಂದಿದ್ರಂತೆ. ಆಮೇಲೆ ಫೋನ್ ಮಾಡಿ "ಅಣ್ಣಾ, ಈಗ ಯೂಟ್ಯೂಬ್‌ಗೆ ಹಾಕ್ಲೇನ್ರಿ?" ಅಂದ್ಲು. ಬೇಡ, ಆಗಸ್ಟ್ ಮುಗೀಲಿ ಅಂದೆ. ಬಿಸ್ಫ್ ಆಸ್ಕರ್ ಅರ್ಹತೆಯ ಫೆಸ್ಟಿವಲ್, ಅಲ್ಲಿ ಅರ್ಹತೆ ಕೊಡೋ ಪ್ರಶಸ್ತಿ ಗೆದ್ರೆ ಫಿಲ್ಮ್ ನೇರ ಆಸ್ಕರ್ ಶಾರ್ಟ್ ಸ್ಪರ್ಧೆಗೆ ಅರ್ಜಿ ಹಾಕ್ಬಹುದು, ಆದ್ರೆ ಆ ಪ್ರಶಸ್ತಿಗೆ ಮುಂಚೆ ಫಿಲ್ಮ್ ಆನ್‌ಲೈನ್‌ನಲ್ಲೋ ಟಿವಿಲೋ ಬಂದಿದ್ರೆ ಆ ಅರ್ಹತೆ ಹೋಗತ್ತೆ. ಧಾರವಾಡದ ಎಂಬತ್ತು ಜನಕ್ಕೆ ತೋರ್ಸಿದ್ದು ಅದಕ್ಕೆ ಅಡ್ಡ ಬರಲ್ಲ, ಯೂಟ್ಯೂಬ್ ಬರತ್ತೆ. "ಹಂಗಾರ ಆಗಸ್ಟ್ ತನಕಾ ನಮ್ಮವ್ವಗ ಲ್ಯಾಪ್‌ಟಾಪ್‌ನ್ಯಾಗ ತೋರಿಸ್ತೀನ್ರಿ" ಅಂತ ಫೋನ್ ಇಟ್ಲು.